ಗೆಳೆತನದಲ್ಲಿ ಹೇಳಲಾಗದ ಮಾತು

ಅಪರಿಚಿತಳಾದ ಹೆಣ್ಣೊಬ್ಬಳನ್ನು ಮೆಚ್ಚಿದ ತರುಣನಿಗೆ ಕಳೆದುಕೊಳ್ಳುವುದು ಹೆಚ್ಚೇನೂ ಇರುವುದಿಲ್ಲ. ಆಕೆ ಒಲ್ಲೆನೆಂದರೆ ನಾಲ್ಕು ದಿನ ಮುಖ ಬಾಡಿಸಿಕೊಂಡು ತಿರುಗಿಯಾನು. ಐದನೆಯ ದಿನ ಮೊದಲಿನಂತೆ ಹೊಟ್ಟೆತುಂಬ ಉಂಡಾನು. ಆದರೆ ಐದಾರು ವರ್ಷ ಜೊತೆಯಲ್ಲಿ ಓಡಾಡಿದ ಗೆಳತಿಯ ಮೇಲೆಯೇ ಮನಸ್ಸಾದರೆ ಅವನ ಪಾಡು ಬೇರೆ. ಬೇರೆ ಯಾವ ಸಂಕಟ ಬಂದಿದ್ದರೂ ಅವನು ಮೊದಲು ಹೋಗಿ ಹೇಳಿಕೊಳ್ಳುತ್ತಿದ್ದುದು ಅವಳ ಮುಂದೆ. ಈ ಒಂದು ಸಂಕಟವನ್ನು ಮಾತ್ರ ಅವಳ ಮುಂದೆ ಹೇಳುವಂತಿಲ್ಲ. ಹೇಳಿದರೆ ಒಬ್ಬ ಹೆಣ್ಣು ಒಲ್ಲೆನೆಂದಾಳು ಎನ್ನುವಷ್ಟಕ್ಕೇ ಭಯ ನಿಲ್ಲುವುದಿಲ್ಲ. ಇದ್ದ ಒಬ್ಬ ಆಪ್ತಳೂ ಕೈಬಿಟ್ಟು ಹೋದಾಳು ಎಂಬುದು ಅದಕ್ಕಿಂತ ದೊಡ್ಡ ಭಯ.

ಹೀಗೆ ಮನಸ್ಸು ತಿರುಗುವುದು ಅಪರೂಪವೇನಲ್ಲ. ಕೆನಡಾ ದೇಶದ ಮನಶ್ಶಾಸ್ತ್ರಜ್ಞೆ ಸ್ಟಿನ್ಸನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಚಾರಿಸಿದ ಸುಮಾರು 1900 ಮಂದಿಯಲ್ಲಿ ನೂರಕ್ಕೆ 68ರಷ್ಟು ಜನ ತಮ್ಮ ಪ್ರಣಯ ಮೊದಲು ಗೆಳೆತನವಾಗಿಯೇ ಆರಂಭವಾಯಿತೆಂದು ಹೇಳಿದ್ದರು. ಅವರು ನಮ್ಮ ಜನರಲ್ಲ. ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೆಯೇ ಒಪ್ಪಲಾರದು. ಇಲ್ಲಿ ಆ ಮಾತಿನ ಬೆನ್ನಿಗೇ ಜಾತಿ, ಜಾತಕ, ಅಪ್ಪ ಅಮ್ಮಂದಿರ ಮುಖ ಎಲ್ಲವೂ ಬಂದು ನಿಲ್ಲುತ್ತವೆ. ಆದರೂ ಕಾಲೇಜಿನಲ್ಲಿ, ಕಚೇರಿಯಲ್ಲಿ ಹೆಣ್ಣು ಗಂಡು ಸರಿಸಮನಾಗಿ ಕುಳಿತು ದುಡಿಯುವ ನಗರಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ಮನೆಯ ಬಾಗಿಲು ತಟ್ಟುತ್ತಲೇ ಇದೆ.

ಒಂದು ಉದಾಹರಣೆಯನ್ನು ತೆಗೆದುಕೊಂಡರೆ ವಿಷಯ ತಿಳಿಯಾದೀತು. ಬೆಂಗಳೂರಿನ ಒಬ್ಬ ತರುಣ, ಬ್ಯಾಂಕಿನಲ್ಲಿ ಗುಮಾಸ್ತ, ವಯಸ್ಸು ಇಪ್ಪತ್ತೇಳು. ಅವನ ಗೆಳತಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕಿ. ಅವನಿಗಿಂತ ಒಂದು ವರ್ಷ ಚಿಕ್ಕವಳು. ಬಿ.ಎಸ್‌ಸಿ. ಓದುವಾಗ ಪ್ರಯೋಗಶಾಲೆಯ ಒಂದೇ ಮೇಜಿನಲ್ಲಿ ಕೆಲಸ ಮಾಡಿದವರು. ಓದು ಮುಗಿದ ಮೇಲೂ ಸ್ನೇಹ ಮುಗಿಯಲಿಲ್ಲ. ಶನಿವಾರ ಸಂಜೆ ಲಾಲ್‌ಬಾಗಿನಲ್ಲಿ ಒಂದು ಸುತ್ತು, ಆಮೇಲೆ ಗಾಂಧಿಬಜಾರಿನ ಕಡೆ ಹೋಗಿ ಒಂದು ಮಸಾಲೆ ದೋಸೆ, ಕಾಫಿ. ಇದು ಐದು ವರ್ಷದ ವಾಡಿಕೆ. ಅವನ ತಾಯಿ ಆಸ್ಪತ್ರೆಯಲ್ಲಿದ್ದಾಗ ಎರಡು ರಾತ್ರಿ ಹಾಸಿಗೆಯ ಪಕ್ಕದಲ್ಲಿ ಕುಳಿತವಳು ಆಕೆಯೇ. ಆಕೆಯ ಮನೆಗೆ ಅವನು ಹೋದರೆ ತಾಯಿ ‘ಊಟ ಮಾಡಿಕೊಂಡು ಹೋಗಪ್ಪ’ ಎನ್ನುವಷ್ಟು ಸಲಿಗೆ.

ಅವನ ಮನಸ್ಸು ಯಾವಾಗ ತಿರುಗಿತೆಂದು ಅವನಿಗೇ ತಿಳಿಯದು. ತಿಳಿದದ್ದು ಮಾತ್ರ ಒಂದು ಶನಿವಾರ, ‘ನಮ್ಮ ಮನೆಯಲ್ಲಿ ಜಾತಕ ಹೊರಗೆ ಹಾಕಿದಾರೆ ಕಣೋ’ ಎಂದು ಆಕೆ ದೋಸೆ ಮುರಿಯುತ್ತ ಹೇಳಿದಾಗ. ತುತ್ತು ಅವನ ಗಂಟಲಲ್ಲಿ ಇಳಿಯಲಿಲ್ಲ.

ಅನಂತರದ ಎರಡು ತಿಂಗಳು ಅವನು ಏನೂ ಹೇಳಲಿಲ್ಲ. ಆಕೆಗೆ ತಾನಾಗಿಯೇ ತಿಳಿಯುವುದೆಂದು ಕಾದ. ತನ್ನ ಕಣ್ಣಿನಲ್ಲಿ, ಧ್ವನಿಯಲ್ಲಿ, ಹೊರಡುವಾಗ ತಡಮಾಡುವ ರೀತಿಯಲ್ಲಿ ಎಲ್ಲವೂ ಬರೆದಿಟ್ಟಂತೆ ಇದೆ, ಐದು ವರ್ಷ ಬಲ್ಲವಳು ಓದಲಾರಳೆ, ಎಂದು ಅವನ ನಂಬಿಕೆ. ಈ ನಂಬಿಕೆ ಎಲ್ಲರಿಗೂ ಸಹಜ, ಬಹುಮಟ್ಟಿಗೆ ಸುಳ್ಳು. 1998ರಲ್ಲಿ ಅಮೆರಿಕದ ಗಿಲೊವಿಚ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಗೆ ಐದು ಲೋಟ ಪಾನೀಯ ಕೊಟ್ಟರು. ನಾಲ್ಕು ರುಚಿಯಾದವು, ಒಂದು ಅಸಹ್ಯವಾದದ್ದು. ಮುಖದಲ್ಲಿ ತೋರಗೊಡದೆ ಐದನ್ನೂ ರುಚಿ ನೋಡಬೇಕು. ಅಸಹ್ಯದ ಲೋಟ ಯಾವುದೆಂದು ನೋಡುವವರು ಸುಲಭವಾಗಿ ಕಂಡುಹಿಡಿದಾರೆಂದು ಕುಡಿದವರು ಭಾವಿಸಿದರು. ಕಂಡುಹಿಡಿದವರು ಅವರೆಣಿಸಿದ್ದಕ್ಕಿಂತ ಕಡಿಮೆ. ಒಳಗಿನ ಸ್ವಾದ ನಾಲಿಗೆಗೆ ಎಷ್ಟು ಖಾರವಾಗಿದ್ದರೂ ಹೊರಗಿನವರಿಗೆ ಕಾಣುವುದು ಒಂದು ಮುಖ ಮಾತ್ರ. ಗೆಳೆತನದಲ್ಲಂತೂ ಇದು ಇನ್ನೂ ಮಸುಕು. ಗೆಳೆಯ ಮನೆಗೆ ಬಿಟ್ಟು ಬರುವುದು, ಪುಸ್ತಕ ತಂದುಕೊಡುವುದು, ಜ್ವರ ಬಂದರೆ ವಿಚಾರಿಸುವುದು ಎಲ್ಲವೂ ಮೊದಲಿಂದಲೇ ಇದ್ದವು. ಅದೇ ಕೆಲಸಕ್ಕೆ ಈಗ ಬೇರೆ ಅರ್ಥ ಬಂದಿದೆಯೆಂದು ಆಕೆ ಯಾವ ಗುರುತಿನಿಂದ ತಿಳಿಯಬೇಕು?

ಕಾಯುವುದು ಸಾಕಾದಾಗ ಅವನು ತಮಾಷೆಯ ದಾರಿ ಹಿಡಿದ. ‘ನಾವಿಬ್ಬರೇ ಮದುವೆಯಾಗಿಬಿಟ್ಟರೆ ಜೋಯಿಸರ ದಕ್ಷಿಣೆಯಾದರೂ ಉಳಿದೀತು’ ಎಂದ. ಆಕೆ ಬಿದ್ದು ಬಿದ್ದು ನಕ್ಕಳು: ‘ನಿನ್ನ ಗೊರಕೆ ಕೇಳೋರು ಯಾರು?’ ಅವನೂ ನಕ್ಕ. ರಾತ್ರಿ ಮನೆಗೆ ಹೋಗಿ, ಉತ್ತರ ಸಿಕ್ಕಿತು, ಇಲ್ಲವೆಂದೇ ಅರ್ಥ, ಎಂದು ನಿದ್ದೆಗೆಟ್ಟು ಮಲಗಿದ.

ಆಕೆ ಉತ್ತರ ಕೊಟ್ಟಿರಲಿಲ್ಲ. ಆಕೆಗೆ ಪ್ರಶ್ನೆಯೇ ಬಂದಿರಲಿಲ್ಲ. ಐದು ವರ್ಷ ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡೇ ಬೆಳೆದ ಸ್ನೇಹದಲ್ಲಿ ತಮಾಷೆಗೆ ತಮಾಷೆಯೇ ಉತ್ತರ. ಹೇಳುವವನಿಗೆ ಹಾಸ್ಯದ ಮುಸುಕು ಅನುಕೂಲ. ಬೇಡವೆಂದರೆ ‘ಸುಮ್ಮನೆ ಹೇಳಿದೆ’ ಎಂದು ಜಾರಿಕೊಳ್ಳಬಹುದು. ಆದರೆ ಆ ಮುಸುಕಿನಿಂದಾಗಿ ಕೇಳುವವಳಿಗೂ ನಿಜ ನುಡಿಯಲು ಅವಕಾಶವಿಲ್ಲ. ಒಂದು ವೇಳೆ ಆಕೆಯ ಮನಸ್ಸಿನಲ್ಲೂ ಅದೇ ಇದ್ದು, ‘ಆಗಲಿ’ ಎಂದಿದ್ದರೆ, ಅವನು ನಿಜವಾಗಿ ತಮಾಷೆಯನ್ನೇ ಮಾಡಿದ್ದಲ್ಲಿ ಆಕೆಯ ಗತಿ ಏನು?

ಇಲ್ಲಿಯೇ ಇನ್ನೊಂದು ತೊಡಕಿದೆ. ವೋರವರ್ ಮತ್ತು ರ‍್ಯಾಟ್ನರ್ ಎಂಬ ಇಬ್ಬರು ಸಂಶೋಧಕಿಯರು 1996ರಲ್ಲಿ ತೋರಿಸಿದ ಸಂಗತಿ ಇದು: ಒಬ್ಬರಲ್ಲೊಬ್ಬರು ಆಸಕ್ತರಾಗಬಹುದಾದ ಇಬ್ಬರೂ ಸುಮ್ಮನಿದ್ದಾಗ, ‘ನಾನು ಸುಮ್ಮನಿರುವುದು ಭಯದಿಂದ, ಅವರು ಸುಮ್ಮನಿರುವುದು ಮನಸ್ಸಿಲ್ಲದ್ದರಿಂದ’ ಎಂದು ಜನ ಅರ್ಥಮಾಡಿಕೊಳ್ಳುತ್ತಾರೆ. ಒಂದೇ ಬಗೆಯ ಮೌನಕ್ಕೆ ಎರಡು ಬಗೆಯ ಕಾರಣ ಕೊಡುತ್ತಾರೆ. ಹೀಗೆ ಎರಡು ಕಡೆಯೂ ಅಂಜಿಕೆಯೇ ಇದ್ದರೂ ಇಬ್ಬರೂ ಎದುರಿನವರಲ್ಲಿ ಉದಾಸೀನವನ್ನೇ ಕಂಡು ಹಿಂದೆ ಸರಿಯುತ್ತಾರೆ. ಇದರ ಅರ್ಥ, ಸುಮ್ಮನಿರುವವರೆಲ್ಲ ಒಳಗೊಳಗೆ ಒಲಿದಿದ್ದಾರೆ ಎಂದಲ್ಲ. ಮೌನದಿಂದ ಇಲ್ಲವೆಂದೂ ಹೌದೆಂದೂ ತೀರ್ಮಾನಿಸಲಾಗದು ಎಂದಷ್ಟೇ. ತಿಳಿಯಬೇಕಾದರೆ ಯಾರಾದರೊಬ್ಬರು ಬಾಯಿ ತೆರೆಯಲೇಬೇಕು.

ನಮ್ಮ ತರುಣ ಬಾಯಿ ತೆರೆಯುವ ಬದಲು ಮೊಬೈಲು ತೆರೆದ. ರಾತ್ರಿ ಹನ್ನೊಂದು ಗಂಟೆಗೆ ಉದ್ದನೆಯ ಸಂದೇಶ ಬರೆದು, ಮೂರು ಸಲ ತಿದ್ದಿ, ಕೊನೆಗೆ ಅಳಿಸಿದ. ಅಳಿಸಿದ್ದು ಲೇಸಾಯಿತು. ಬರೆದ ಮಾತಿಗೆ ಮುಖವಿಲ್ಲ. ಕಳುಹಿಸಿದವನು ಎರಡು ನೀಲಿ ಗೆರೆ ಮೂಡಿದ್ದನ್ನು ನೋಡುತ್ತ, ‘ಓದಿದಳು, ಉತ್ತರವಿಲ್ಲ’ ಎಂದು ಕ್ಷಣ ಎಣಿಸುತ್ತಾನೆ; ಓದಿದವಳು ಪಕ್ಕದಲ್ಲಿ ಮಲಗಿದ ತಂಗಿಗೆ ಕಾಣದಂತೆ ಮೊಬೈಲನ್ನು ದಿಂಬಿನ ಕೆಳಗೆ ಸರಿಸಿ ಏನು ಬರೆಯಲೆಂದು ತೋಚದೆ ಕಂಗೆಡುತ್ತಾಳೆ. ಒಬ್ಬರ ಮನಸ್ಸಿನ ಗುಟ್ಟು ಇನ್ನೊಬ್ಬರ ಕೈಗೆ ಹೋಗುವ ಅಪಾಯವೂ ಉಂಟು. ಬೇರೆ ಊರಿನಲ್ಲಿದ್ದು ಭೇಟಿಯೇ ಆಗದವರಿಗೆ ಬರೆಯುವುದು ಅನಿವಾರ್ಯವಾದೀತು. ಪ್ರತಿ ವಾರ ಎದುರು ಕಾಣುವವರಿಗೆ ಅಲ್ಲ. ಇಬ್ಬರಿಗೂ ಬೇಕಾದ ಸ್ನೇಹಿತರ ಮೂಲಕ ಹೇಳಿಸುವುದು ಇನ್ನೂ ಕೆಟ್ಟದ್ದು. ಆಗ ಆಕೆ ಇಲ್ಲವೆನ್ನಬೇಕಾದುದು ಇಬ್ಬರ ಮುಂದೆ. ಗೆಳೆಯರ ಗುಂಪೆಲ್ಲ ವಾರದೊಳಗೆ ಪಂಚಾಯಿತಿಗೆ ಕೂತೀತು.

ಕೊನೆಗೆ ಅವನು ಹೇಳುವ ಮುನ್ನ ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡ. ‘ಆಕೆ ಇಲ್ಲವೆಂದರೆ, ಬೇರೊಬ್ಬನ ಜೊತೆ ಆಕೆಯ ಲಗ್ನಪತ್ರಿಕೆ ಬಂದರೆ, ಅದನ್ನು ನಾನು ಕೈಯಲ್ಲಿ ಹಿಡಿಯಬಲ್ಲೆನೆ?’ ಬಹುದಿನ ಹಿಡಿಯಲಾರೆನೆಂದು ಅವನಿಗೆ ಗೊತ್ತಾಯಿತು. ಆಗ ಮೌನದಿಂದ ಸ್ನೇಹ ಉಳಿಯುತ್ತದೆಂಬ ಅವನ ವಾದ ಬಿದ್ದುಹೋಯಿತು. ಹೇಳದೆ ಉಳಿದರೂ ಅವನು ಹಳೆಯ ಗೆಳೆಯನಾಗಿ ಉಳಿಯುವಂತಿರಲಿಲ್ಲ. ಆಕೆ ಯಾರ ಹೆಸರು ಎತ್ತಿದರೂ ಸಿಡುಕುವ, ಕಾರಣ ಹೇಳದ ಮನುಷ್ಯನಾಗುತ್ತಿದ್ದ. ಈ ಪ್ರಶ್ನೆಗೆ ‘ಹಿಡಿಯಬಲ್ಲೆ, ಸ್ವಲ್ಪ ನೋವಾದೀತು’ ಎಂದು ಉತ್ತರ ಬರುವವರು ಇನ್ನೆರಡು ತಿಂಗಳು ತಡೆದು ನೋಡುವುದು ಮೇಲು. ಒಂಟಿತನದಲ್ಲಿ, ಇನ್ನೊಬ್ಬರ ಮದುವೆಯ ಊಟ ಉಂಡು ಬಂದ ರಾತ್ರಿಯಲ್ಲಿ ಹುಟ್ಟಿದ ಮೋಹ ಎಷ್ಟೋ ಸಲ ತಾನೇ ಇಳಿದುಹೋಗುತ್ತದೆ.

ಸಮಯವನ್ನೂ ಅವನು ನೋಡಿಕೊಂಡ. ಇನ್ನು ಮೂರು ವಾರಕ್ಕೆ ಗಂಡಿನ ಕಡೆಯವರು ಹೆಣ್ಣು ನೋಡಲು ಬರುವವರಿದ್ದರು. ಅವರು ಬರುವ ಹಿಂದಿನ ದಿನ ಹೇಳಿದರೆ ಆಕೆಯನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತೆ. ನಿಶ್ಚಯವಾದ ಮೇಲೆ ಹೇಳಿದರೆ ಇನ್ನೂ ಅನ್ಯಾಯ. ಆಕೆಯ ಹುಟ್ಟಿದ ಹಬ್ಬ ಹತ್ತಿರದಲ್ಲಿತ್ತು. ಆ ದಿನವನ್ನು ಅವನು ಬಿಟ್ಟ. ಉಡುಗೊರೆ ಕೈಯಲ್ಲಿಟ್ಟು ಕೇಳಿದ ಮಾತಿಗೆ ಒಲ್ಲೆನೆನ್ನುವುದು ಕಷ್ಟ. ಎಂದಿನ ಶನಿವಾರವೇ ಸರಿಯೆಂದುಕೊಂಡ. ಜಾಗವೂ ಎಂದಿನದೇ. ನಡೆಯುವಾಗ ಇಬ್ಬರ ದೃಷ್ಟಿಯೂ ದಾರಿಯ ಮೇಲಿರುತ್ತದೆ, ಮುಖಕ್ಕೆ ಮುಖ ಕೊಡಬೇಕಾಗಿಲ್ಲ. ಸುತ್ತ ಜನರಿದ್ದರೂ ಮಾತು ಯಾರ ಕಿವಿಗೂ ಬೀಳದು. ಆಕೆ ಬರುವುದು ಸ್ವಂತ ಸ್ಕೂಟರಿನಲ್ಲಿ, ಬೇಕೆಂದಾಗ ಹೊರಟುಹೋಗಬಲ್ಲಳು. ಮೊದಲ ಸುತ್ತಿನಲ್ಲಿ ಹೇಳದೆ, ಗಾಜಿನ ಮನೆ ದಾಟಿ ಹಿಂತಿರುಗುವಾಗ ಹೇಳಬೇಕೆಂದು ಅವನು ಯೋಚಿಸಿದ್ದ. ಹೇಳಿದ ಮೇಲೆ ಎರಡು ಗಂಟೆ ಒಟ್ಟಿಗೆ ಕೂಡಬೇಕಾದ ಸಿನಿಮಾ, ಬಸ್ಸಿನ ಪ್ರಯಾಣ ಇಂತಹ ಕಡೆಗಳಲ್ಲಿ ಈ ಮಾತು ಎತ್ತಿದವರಿಗೆ ಆ ಎರಡು ಗಂಟೆಗಳ ಉದ್ದ ಗೊತ್ತು.

ಇನ್ನು ಮಾತು. ಕನ್ನಡದಲ್ಲಿ ಇದನ್ನು ಹೇಳುವುದು ಒಂದು ಬಗೆಯ ಪರೀಕ್ಷೆಯೇ ಸರಿ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದರೆ ಸಿನಿಮಾದ ಸಂಭಾಷಣೆಯಾಗುತ್ತದೆ. ದಿನವೂ ‘ಕಣೋ, ಕಣೇ’ ಎಂದು ಮಾತಾಡುವವರ ಬಾಯಲ್ಲಿ ಅದು ಬಾಡಿಗೆಗೆ ತಂದ ಕೋಟಿನಂತೆ ತೋರುತ್ತದೆ. ‘ನಿನ್ನನ್ನು ಕಂಡರೆ ನನಗೆ ಇಷ್ಟ’ ಎಂದರೆ ಅದನ್ನು ಅಣ್ಣನ ಮಗುವಿಗೂ ಹೇಳಬಹುದು, ಗೆಳತಿಗೆ ಹೊಸದೇನೂ ತಿಳಿಯದು. ಈ ಸಂಕೋಚದಿಂದಲೇ ಎಷ್ಟೋ ಜನ ಇಂಗ್ಲಿಷಿಗೆ ಜಾರುತ್ತಾರೆ. ಪರಭಾಷೆಯ ಮಾತಿಗೆ ಅಷ್ಟು ಭಾರವಿರುವುದಿಲ್ಲ. ಆದರೆ ಭಾರವಿಲ್ಲದ ಮಾತನ್ನು ಕೇಳುವವರೂ ಹಗುರವಾಗಿಯೇ ತೆಗೆದುಕೊಂಡಾರು. ಇಬ್ಬರೂ ದಿನನಿತ್ಯ ಆಡುವ ಭಾಷೆಯಲ್ಲಿ, ಮೊದಲು ಇದು ತಮಾಷೆಯಲ್ಲವೆಂದು ತಿಳಿಸಿ, ಬಳಿಕ ಏನು ಬದಲಾಗಿದೆ ಎಂಬುದನ್ನು ಹೇಳಿದರೆ ಸಾಕು.

ಅವನು ಹೇಳಿದ್ದು ಇಷ್ಟು: ‘ಒಂದು ಮಾತು ಹೇಳ್ಬೇಕು ಕಣೇ, ತಮಾಷೆ ಅಲ್ಲ. ಕೆಲವು ತಿಂಗಳಿಂದ ನಿನ್ನನ್ನ ಬರೀ ಗೆಳತಿ ಅಂತ ಅಂದ್ಕೊಳ್ಳೋಕೆ ನನಗೆ ಆಗ್ತಾ ಇಲ್ಲ. ಮನಸ್ಸು ಅದಕ್ಕಿಂತ ಮುಂದೆ ಹೋಗಿದೆ. ನಿನಗೆ ಹಾಗೆ ಅನ್ನಿಸದೆ ಇದ್ರೆ ಇಲ್ಲ ಅಂತ ನೇರವಾಗಿ ಹೇಳು, ನಿನ್ನ ತಪ್ಪೇನೂ ಇಲ್ಲ. ಇವತ್ತೇ ಉತ್ತರ ಬೇಕಾಗಿಲ್ಲ.’

ನಾಲ್ಕೇ ಮಾತು. ಅವನು ಹೇಳದೆ ಬಿಟ್ಟದ್ದನ್ನೂ ಗಮನಿಸಬೇಕು. ನಿದ್ದೆಗೆಟ್ಟ ರಾತ್ರಿಗಳ ಲೆಕ್ಕ ಕೊಡಲಿಲ್ಲ. ನೀನಿಲ್ಲದೆ ಬದುಕಲಾರೆನೆನ್ನಲಿಲ್ಲ, ಆ ಮಾತು ಒಲವನ್ನು ತಿಳಿಸುವುದಕ್ಕಿಂತ ಹೆಚ್ಚಾಗಿ ಒಬ್ಬರ ಬದುಕಿನ ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತದೆ. ಐದು ವರ್ಷ ತಾನು ಮಾಡಿದ ಉಪಕಾರಗಳನ್ನು ನೆನಪಿಸಲಿಲ್ಲ. ನೆನಪಿಸಿದ್ದರೆ ಅವೆಲ್ಲ ಆ ಕ್ಷಣದಲ್ಲಿ ಸಾಲವಾಗಿ ಬಿಡುತ್ತಿದ್ದವು. ಹಳೆಯ ಸ್ನೇಹವೂ ಇದಕ್ಕಾಗಿಯೇ ಇತ್ತೆ ಎಂಬ ಸಂಶಯ ಆಕೆಗೆ ಬರುತ್ತಿತ್ತು.

ಆಕೆ ಬಹಳ ಹೊತ್ತು ಸುಮ್ಮನಿದ್ದಳು. ‘ನನಗೆ ಗೊತ್ತೇ ಇರಲಿಲ್ಲ’ ಎಂದಳು. ಯೋಚಿಸಬೇಕೆಂದಳು. ಆ ದಿನ ದೋಸೆಗೆ ಹೋಗಲಿಲ್ಲ. ಅನಂತರದ ದಿನಗಳಲ್ಲಿ ಅವನು ಆ ಮಾತನ್ನು ಮತ್ತೆ ಎತ್ತಲಿಲ್ಲ; ಉತ್ತರ ಬೇಗ ಬೇಡವೆಂದು ಹೇಳಿ ಮರುದಿನವೇ ‘ಏನು ಯೋಚಿಸಿದೆ?’ ಎಂದು ಕೇಳಿದರೆ ಮೊದಲಿನ ಮಾತು ಸುಳ್ಳಾಗುತ್ತದೆ. ಒಂಬತ್ತನೆಯ ದಿನ ಆಕೆಯೇ ಕರೆದಳು. ‘ಮನೆಯಲ್ಲಿ ಒಪ್ಪೋದಿಲ್ಲ ಕಣೋ’ ಎಂದಳು.

ನಮ್ಮ ಸಮಾಜದಲ್ಲಿ ಈ ಒಂದು ವಾಕ್ಯಕ್ಕೆ ಎರಡು ಅರ್ಥ. ಮನಸ್ಸಿದ್ದೂ ಮನೆಯ ಗೋಡೆ ಅಡ್ಡ ಬಂದವರು ಇದನ್ನು ಹೇಳುತ್ತಾರೆ. ಮನಸ್ಸಿಲ್ಲದವರು ನೋವಾಗದಿರಲೆಂದು ಇದನ್ನೇ ಹೇಳುತ್ತಾರೆ. ಎಷ್ಟೋ ತರುಣರು ಎರಡನೆಯ ಅರ್ಥವನ್ನು ಮೊದಲನೆಯದೆಂದು ತಿಳಿದು, ಜಾತಕ ಕೂಡಿಸಲು, ಆಕೆಯ ಮಾವನನ್ನು ಒಲಿಸಲು ವರ್ಷಗಟ್ಟಲೆ ಓಡಾಡಿದ್ದುಂಟು. ಎರಡನ್ನೂ ಬೇರ್ಪಡಿಸಲು ಒಂದೇ ಒಂದು ಸಲ ಕೇಳಬಹುದು, ಒಂದಕ್ಕಿಂತ ಹೆಚ್ಚು ಸಲವಲ್ಲ. ಅವನು ಕೇಳಿದ: ‘ಮನೆಯ ಮಾತು ಆಮೇಲೆ ಇರಲಿ. ನಿನ್ನ ಮನಸ್ಸು ಏನು?’ ಈ ಪ್ರಶ್ನೆಗೂ ಉತ್ತರ ತಂದೆತಾಯಿಯ ಕಡೆಗೇ ತಿರುಗಿದರೆ, ಅಥವಾ ‘ಗೊತ್ತಿಲ್ಲ, ನೋಡೋಣ’ ಎಂದು ತೇಲಿಹೋಗಿ ಮತ್ತೆ ಆ ಮಾತೇ ಬಾರದಿದ್ದರೆ, ಇಲ್ಲವೆಂದು ತಿಳಿಯತಕ್ಕದ್ದು. ಶನಿವಾರದ ನಡಿಗೆಗೆ ಹಠಾತ್ತಾಗಿ ಮೂರನೆಯ ಗೆಳತಿ ಜೊತೆಯಾಗತೊಡಗಿದರೂ ಅದೇ ಉತ್ತರ. ರಾಖಿ ಹಬ್ಬದ ದಿನ ಕೈಗೆ ದಾರ ಬಿದ್ದರಂತೂ ಕೇಳುವುದೇ ಬೇಡ. ನಮ್ಮ ಕಾಲೇಜುಗಳಲ್ಲಿ ಮಾತಿಲ್ಲದೆ ಒಲ್ಲೆನೆನ್ನಲು ಹುಡುಗಿಯರು ಬಲ್ಲ ಉಪಾಯ ಅದು.

ಈಕೆ ಮಾತ್ರ ತಲೆ ಎತ್ತಿ ಹೇಳಿದಳು: ‘ಹುಡುಕಿ ನೋಡಿದೆ. ನಿನ್ನ ಮೇಲೆ ಆ ಭಾವ ನನಗಿಲ್ಲ. ಇಲ್ಲ ಅಂದರೆ ನೀನು ಬರೋದು ನಿಲ್ಲಿಸ್ತೀಯಾ ಅಂತ ಒಂಬತ್ತು ದಿನದಿಂದ ಭಯ.’

ಒಲ್ಲೆನೆನ್ನುವವರ ಈ ಕಷ್ಟವನ್ನು ಕಥೆಗಳು, ಹಾಡುಗಳು ಹೇಳುವುದು ಕಡಿಮೆ. ಅಲ್ಲೆಲ್ಲ ನೊಂದವನು ಒಬ್ಬನೇ. ಬೇಡವೆಂದವಳು ಕಲ್ಲು ಮನಸ್ಸಿನವಳು. 1993ರಲ್ಲಿ ಬೌಮೈಸ್ಟರ್ ಮತ್ತು ಸಂಗಡಿಗರು ಎರಡೂ ಕಡೆಯವರು ಬರೆದ ಅನುಭವಗಳನ್ನು ಹೋಲಿಸಿ ನೋಡಿದಾಗ ಬೇರೆ ಚಿತ್ರ ಕಂಡಿತು. ಒಲಿದವರಿಗೆ ನೋವಿನ ಜೊತೆ ಸಿಹಿಯಾದ ನೆನಪೂ ಇತ್ತು. ಒಲ್ಲೆನೆಂದವರಿಗೆ ತಪ್ಪಿತಸ್ಥರೆಂಬ ಅಳುಕು, ಕಿರಿಕಿರಿ, ಏನು ಹೇಳಬೇಕೆಂದು ತೋಚದ ಗೊಂದಲ. ಒಲಿದವನು ಹೇಗೆ ನಡೆಯಬೇಕೆಂಬುದಕ್ಕೆ ನೂರು ಮಾದರಿಗಳಿವೆ. ಸ್ನೇಹಿತನಿಗೆ ನೋವಾಗದಂತೆ ಬೇಡವೆನ್ನುವುದು ಹೇಗೆಂದು ಯಾರೂ ಕಲಿಸಿಲ್ಲ. ಆದುದರಿಂದಲೇ ‘ಇಲ್ಲ ಎಂದರೂ ನಿನ್ನ ತಪ್ಪಲ್ಲ’ ಎಂಬ ಮಾತು ಮೊದಲೇ ಬಂದದ್ದು ಒಳ್ಳೆಯದಾಯಿತು. ಆಕೆ ಹಿಡಿದುಕೊಂಡು ಸತ್ಯ ಹೇಳಿದ್ದು ಆ ಎಳೆಯನ್ನು.

ಅವನು ‘ಬರೋದು ನಿಲ್ಲಿಸೋದಿಲ್ಲ. ಆದರೆ ಕೆಲವು ವಾರ ಬರೋಕೆ ಆಗೋದಿಲ್ಲ, ಕೋಪ ಅಂತ ತಿಳ್ಕೋಬೇಡ’ ಎಂದ. ಇದನ್ನು ಹೇಳುವುದು ಬಹಳ ಮುಖ್ಯ. ಮರುದಿನದಿಂದಲೇ ಏನೂ ಆಗಲಿಲ್ಲವೆಂಬಂತೆ ನಟಿಸುವವರು ಒಳಗೆ ಆಸೆಯನ್ನು ಬಚ್ಚಿಟ್ಟುಕೊಂಡೇ ಓಡಾಡುತ್ತಾರೆ, ಪ್ರತಿ ನಗೆಯಲ್ಲೂ ಮನಸ್ಸು ಬದಲಾಯಿತೇ ಎಂದು ಹುಡುಕುತ್ತಾರೆ. ಕಾರಣ ಹೇಳದೆ ಮಾಯವಾಗುವವರು ಗೆಳತಿಗೆ ಶಿಕ್ಷೆ ಕೊಟ್ಟಂತಾಗುತ್ತದೆ. ಅವನು ಐದು ಶನಿವಾರ ತಪ್ಪಿಸಿದ. ಆರನೆಯದಕ್ಕೆ ಹೋದಾಗ ಇಬ್ಬರಿಗೂ ಮಾತು ಸರಾಗವಾಗಿ ಬರಲಿಲ್ಲ. ಹತ್ತನೆಯ ಶನಿವಾರದ ಹೊತ್ತಿಗೆ ಆಕೆ ತನ್ನ ಶಾಲೆಯ ಮಕ್ಕಳ ಕಿತಾಪತಿಗಳನ್ನು ಹೇಳಿ ನಗತೊಡಗಿದ್ದಳು. ಸ್ನೇಹ ಉಳಿಯಿತು, ಆದರೆ ಮೊದಲಿನಷ್ಟೇ ಅಲ್ಲ. ಈಗ ಅವನು ತಾಯಿಯ ಊಟದ ಕರೆಯನ್ನು ಕೆಲವು ಸಲ ನಯವಾಗಿ ತಪ್ಪಿಸುತ್ತಾನೆ. ಆಕೆ ಮದುವೆಯ ಮಾತನ್ನು ಅವನ ಮುಂದೆ ಮೊದಲಿನಂತೆ ಹಗುರವಾಗಿ ಆಡುವುದಿಲ್ಲ. ಎಲ್ಲ ಸ್ನೇಹಗಳೂ ಇಷ್ಟಾದರೂ ಉಳಿಯುತ್ತವೆ ಎನ್ನಲಾಗದು. ಕೆಲವು ಮುರಿಯುತ್ತವೆ.

ಹೇಳುವವಳು ಹೆಣ್ಣಾದರೆ? ಕ್ರಮವೆಲ್ಲ ಇದೇ, ಆದರೆ ಹೊರೆ ಹೆಚ್ಚು. ಗಂಡು ಹೇಳಿದರೆ ಧೈರ್ಯವೆನ್ನುವ ಜನ ಹೆಣ್ಣು ಹೇಳಿದರೆ ಬೇರೆ ಹೆಸರು ಕೊಡುತ್ತಾರೆ. ಆದುದರಿಂದ ಆಕೆ ಗೆಳೆಯನ ಬಗ್ಗೆ ಇನ್ನೊಂದು ವಿಷಯವನ್ನೂ ಮೊದಲೇ ಅರಿತಿರಬೇಕು: ಬೇರೆಯವರು ನಂಬಿ ಹೇಳಿದ ಮಾತುಗಳನ್ನು ಅವನು ಈವರೆಗೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾನೆಯೆ, ಹೊರಗೆ ಹರಡಿದ್ದಾನೆಯೆ? ಹಳೆಯ ಸ್ನೇಹದ ಅನುಕೂಲವೆಂದರೆ ಈ ಪ್ರಶ್ನೆಗೆ ಉತ್ತರ ಕೈಯಲ್ಲೇ ಇರುತ್ತದೆ. ಇನ್ನು ಒಬ್ಬರು ಮೇಲಧಿಕಾರಿ, ಇನ್ನೊಬ್ಬರು ಕೈಕೆಳಗಿನವರು ಆದಲ್ಲಿ, ಸ್ನೇಹ ಎಷ್ಟೇ ನಿಜವಾಗಿದ್ದರೂ ಮೇಲಿನವರು ಈ ಮಾತು ಎತ್ತಕೂಡದು. ಸಂಬಳ, ಬಡ್ತಿ, ರಜೆ ಒಬ್ಬರ ಕೈಯಲ್ಲಿರುವಾಗ ಇನ್ನೊಬ್ಬರ ‘ಹೌದು’ ಎಷ್ಟು ಸ್ವಂತದ್ದೆಂದು ಇಬ್ಬರಿಗೂ ತಿಳಿಯಲಾರದು.

ಉತ್ತರ ಹೌದೆಂದೇ ಬಂದರೆ ಎಲ್ಲವೂ ಸರಾಗವೆಂದು ತಿಳಿಯುವುದೂ ಬೇಡ. ಗೆಳೆಯರಾಗಿ ಒಬ್ಬರ ಎಲ್ಲ ಕುಂದುಗಳನ್ನೂ ಇನ್ನೊಬ್ಬರು ನಕ್ಕು ಮನ್ನಿಸಿದ್ದರು. ಗಂಡನಾಗುವವನ ಸೋಮಾರಿತನ, ಹೆಂಡತಿಯಾಗುವವಳ ಸಿಟ್ಟು ಅಷ್ಟು ನಗೆ ತರುವುದಿಲ್ಲ. ಜೊತೆಗೆ, ಮನೆಯವರಿಗೆ ಹೇಳುವುದು ಯಾವಾಗ, ಮೊದಲು ಯಾರ ತಾಯಿಗೆ ಎಂಬ ಪ್ರಶ್ನೆ ಅದೇ ವಾರ ಎದ್ದೇಳುತ್ತದೆ. ಇಷ್ಟು ವರ್ಷ ‘ಊಟ ಮಾಡಿಕೊಂಡು ಹೋಗಪ್ಪ’ ಎಂದ ತಾಯಿಗೆ ಅದನ್ನು ಮಗಳೇ ಮೊದಲು ತಿಳಿಸುವುದು ಲೇಸು. ನೆರೆಮನೆಯವರ ಬಾಯಿಂದ ಕೇಳಿದರೆ, ಆಕೆ ಬಡಿಸಿದ ಒಂದೊಂದು ಊಟವನ್ನೂ ನೆನೆದು ನೊಂದುಕೊಂಡಾಳು.